ಎರಡು ಕಾರ್ಖಾನೆ ಒಂದಾದ ಮೇಲೆ: ಏಳು ಅಂಶಗಳ ಹೊಂದಾಣಿಕೆಯನ್ನು ನೋಡುವುದು ಹೇಗೆ?

ಎರಡು ತಯಾರಿಕಾ ಕಂಪನಿಗಳು ವಿಲೀನವಾದಾಗ ಮೊದಲು ಬದಲಾಗುವುದು ಗೇಟಿನ ಮೇಲಿನ ಬೋರ್ಡು. ಆಮೇಲೆ ಲೆಟರ್‌ಹೆಡ್, ಐಡಿ ಕಾರ್ಡು, ಬ್ಯಾಂಕ್ ಖಾತೆ. ಒಳಗಿನ ಕೆಲಸ ಮಾತ್ರ ಬಹಳ ದಿನ ಎರಡು ಕಂಪನಿಗಳ ಕೆಲಸವಾಗಿಯೇ ನಡೆಯುತ್ತದೆ. ಎಲ್ಲಿ ನಿಜಕ್ಕೂ ಒಂದಾಗಿದೆ, ಎಲ್ಲಿ ಇನ್ನೂ ಎರಡಾಗಿಯೇ ಇದೆ ಎಂದು ನೋಡಲು ಸೆವೆನ್ ಎಸ್ ಎಂಬ ವಿಧಾನ ಇದೆ. 1980ರ ಸುಮಾರಿಗೆ ಮೆಕಿನ್ಸಿ ಸಲಹಾ ಸಂಸ್ಥೆಯಲ್ಲಿದ್ದ ರಾಬರ್ಟ್ ವಾಟರ್‌ಮನ್, ಟಾಮ್ ಪೀಟರ್ಸ್ ಮತ್ತು ಜೂಲಿಯನ್ ಫಿಲಿಪ್ಸ್ ಇದನ್ನು ಮಂಡಿಸಿದರು. ಏಳು ಅಂಶಗಳ ಇಂಗ್ಲಿಷ್ ಹೆಸರುಗಳೂ ಎಸ್ ಅಕ್ಷರದಿಂದ ಶುರುವಾಗುತ್ತವೆ, ಅದಕ್ಕೇ ಈ ಹೆಸರು.

ಏಳನ್ನೂ ಕಾರ್ಖಾನೆಯ ಮಾತಿನಲ್ಲೇ ಹೇಳಿಬಿಡುತ್ತೇನೆ. ಸ್ಟ್ರಾಟಜಿ ಅಂದರೆ ಯಾವ ಮಾಲು ಮಾಡಿ, ಯಾರಿಗೆ ಮಾರಿ, ಹೇಗೆ ಗೆಲ್ಲಬೇಕು ಎಂಬ ತೀರ್ಮಾನ. ರಚನೆ ಅಂದರೆ ಯಾರು ಯಾರಿಗೆ ಉತ್ತರ ಕೊಡಬೇಕು ಎಂಬುದು. ವ್ಯವಸ್ಥೆ ಅಂದರೆ ದಿನದ ಕೆಲಸ ನಡೆಸುವ ದಾರಿಗಳು: ಪ್ಲಾನಿಂಗ್, ರಿಜೆಕ್ಷನ್ ರಿಜಿಸ್ಟರ್, ಇನ್ಸೆಂಟಿವ್ ಲೆಕ್ಕ, ಖರೀದಿ. ಸಿಬ್ಬಂದಿ ಅಂದರೆ ಯಾರಿದ್ದಾರೆ, ಎಷ್ಟು ಜನ, ಕಾಯಂ ಎಷ್ಟು, ಗುತ್ತಿಗೆ ಎಷ್ಟು. ಕೌಶಲ ಅಂದರೆ ಈ ಕಂಪನಿಯ ಕೈಗೆ ನಿಜವಾಗಿ ಯಾವ ಕೆಲಸ ಬರುತ್ತದೆ ಎಂಬುದು. ಶೈಲಿ ಅಂದರೆ ಮೇಲಿನವರು ದಿನವೂ ಹೇಗೆ ನಡೆದುಕೊಳ್ಳುತ್ತಾರೆ ಎಂಬುದು. ಕೊನೆಯದು ಮೌಲ್ಯ. ಗೋಡೆಯ ಮೇಲೆ ಬರೆದದ್ದಲ್ಲ, ರಾತ್ರಿ ಪಾಳಿಯಲ್ಲಿ ಯಾರೂ ನೋಡದಿದ್ದಾಗಲೂ ಜನ ಪಾಲಿಸುವಂಥದ್ದು.

ಈ ಏಳು ಹೆಸರುಗಳ ಕೆಳಗೆ ಏಳು ಡಬ್ಬಿ ಬರೆದು ತುಂಬಿಸುವುದು ಬಹಳ ಸುಲಭ. ಹೆಚ್ಚಿನ ಪರಿಶೀಲನೆಗಳು ಅಲ್ಲಿಗೇ ನಿಂತುಬಿಡುತ್ತವೆ. ಆದರೆ ತೊಂದರೆ ಡಬ್ಬಿಯ ಒಳಗೆ ಇರುವುದು ಕಮ್ಮಿ, ಎರಡು ಡಬ್ಬಿಗಳ ನಡುವೆ ಇರುವುದೇ ಜಾಸ್ತಿ. ಇನ್ಸೆಂಟಿವ್ ಲೆಕ್ಕ ತನ್ನಷ್ಟಕ್ಕೆ ಚೆನ್ನಾಗಿರಬಹುದು, ಸ್ಟ್ರಾಟಜಿಯೂ ಚೆನ್ನಾಗಿರಬಹುದು. ಆದರೆ ಒಂದು ಪೂರ್ವಕ್ಕೆ ಎಳೆದರೆ ಇನ್ನೊಂದು ಪಶ್ಚಿಮಕ್ಕೆ ಎಳೆಯುತ್ತಿರಬಹುದು. ನಾವು ಹುಡುಕಬೇಕಾದದ್ದು ಇದನ್ನೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ

ಇದು ನಾನು ವಿವರಣೆಗೆಂದು ಕಟ್ಟಿಕೊಂಡ ಜೋಡಿ. ಒಂದು, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ. ಲಾರಿಗಳ ಬ್ರೇಕ್ ಡ್ರಮ್‌ನಂಥ ಭಾರದ ಎರಕಗಳನ್ನು ಮಾಡುತ್ತದೆ. ಇನ್ನೊಂದು, ಬೆಂಗಳೂರಿನ ಪೀಣ್ಯದ ಮಷಿನಿಂಗ್ ಕಂಪನಿ. ಹೊರಗಿನಿಂದ ಎರಕ ತರಿಸಿ, ಸಿಎನ್‌ಸಿ ಯಂತ್ರಗಳಲ್ಲಿ ಕೊರೆದು, ಪಂಪ್ ತಯಾರಕರಿಗೆ ಕೊಡುತ್ತದೆ. ವಿಲೀನದ ಉದ್ದೇಶ ಸರಳ. ಎರಕದಿಂದ ಮಷಿನಿಂಗ್‌ವರೆಗೆ ಒಂದೇ ಕಂಪನಿ ಮಾಡಿ, ಜೋಡಣೆಗೆ ಸಿದ್ಧವಾದ ಪಂಪ್ ಹೌಸಿಂಗ್, ಅಂದರೆ ಪಂಪಿನ ಹೊರಕವಚ, ಮಾರಬೇಕು. ಬರಿ ಎರಕದ ಬೆಲೆ ಕಿಲೋ ಲೆಕ್ಕದಲ್ಲಿ ಸಿಗುತ್ತದೆ, ಸಿದ್ಧ ಹೌಸಿಂಗಿನ ಬೆಲೆ ನಗದ ಲೆಕ್ಕದಲ್ಲಿ, ಅಂದರೆ ಪೀಸಿಗೆ ಇಷ್ಟು ಎಂದು ಸಿಗುತ್ತದೆ. ಲಾಭ ಇರುವುದು ಅಲ್ಲಿ.

ಯಾವಾಗ ಶುರು ಮಾಡಬೇಕು

ಮೊದಲ ತಿಂಗಳು ಬೇಡ. ಆಗ ಎಲ್ಲರೂ ಒಳ್ಳೆಯ ನಡತೆಯಲ್ಲಿ ಇರುತ್ತಾರೆ, ಇಲ್ಲವೇ ಹೆದರಿರುತ್ತಾರೆ. ಎರಡೂ ಘಟಕಗಳ ಲೆಕ್ಕವನ್ನು ಒಟ್ಟಿಗೆ ಮುಚ್ಚಿದ ಎರಡು ಮೂರು ತಿಂಗಳು ಕಳೆಯಲಿ. ಅಷ್ಟರಲ್ಲಿ ಒಂದಾದರೂ ತಡವಾದ ಡೆಲಿವರಿ, ಒಂದಾದರೂ ದೊಡ್ಡ ರಿಜೆಕ್ಷನ್ ಆಗಿರುತ್ತದೆ. ಆರು ತಿಂಗಳು ದಾಟಿಸಲೂಬೇಡಿ. ಅಷ್ಟು ಹೊತ್ತಿಗೆ ಜನ ತೊಂದರೆಯ ಸುತ್ತ ಹಾದುಹೋಗಲು ತಮ್ಮದೇ ಅಡ್ಡದಾರಿ ಮಾಡಿಕೊಂಡಿರುತ್ತಾರೆ, ತೊಂದರೆ ಕಣ್ಣಿಗೆ ಬೀಳುವುದಿಲ್ಲ. ವಿಲೀನಕ್ಕೆ ಕಾನೂನಿನ ಒಪ್ಪಿಗೆ ಸಿಗುವ ಮುಂಚೆ ಈ ಕೆಲಸಕ್ಕೆ ಕೈ ಹಾಕಲೇಬಾರದು. ಆಗ ಎರಡೂ ಬೇರೆ ಬೇರೆ ಕಂಪನಿಗಳೇ. ಬೆಲೆ, ಗ್ರಾಹಕರ ವಿವರ ಹಂಚಿಕೊಂಡರೆ ಸ್ಪರ್ಧಾ ಕಾನೂನಿನ ತೊಡಕು ಬರುತ್ತದೆ.

ಮೊದಲ ಹೆಜ್ಜೆ: ಸ್ಟ್ರಾಟಜಿಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ಎರಡೂ ಕಂಪನಿಗಳ ಶಕ್ತಿಯನ್ನು ಕೂಡಿಸುವುದು" ಎಂದು ಬರೆದರೆ ಉಪಯೋಗವಿಲ್ಲ. ಆ ವಾಕ್ಯ ಓದಿದ ಶಿಫ್ಟ್ ಸೂಪರ್‌ವೈಸರ್‌ಗೆ ನಾಳೆ ಏನು ಬೇರೆ ಮಾಡಬೇಕು ಎಂದು ಗೊತ್ತಾಗಬೇಕು. ನಮ್ಮ ಉದಾಹರಣೆಯಲ್ಲಿ ಹೀಗೆ ಬರೆಯಬಹುದು: "ಭಾರದ ಎರಕ ಕಮ್ಮಿ ಮಾಡುತ್ತಾ, ಸಣ್ಣ, ತೆಳು ಗೋಡೆಯ ಪಂಪ್ ಹೌಸಿಂಗ್‌ಗಳನ್ನು ಮಷಿನಿಂಗ್ ಮುಗಿಸಿಯೇ ಗ್ರಾಹಕರಿಗೆ ಕಳಿಸುತ್ತೇವೆ."

ಈ ವಾಕ್ಯವನ್ನು ಎರಡೂ ಘಟಕದ ಮುಖ್ಯಸ್ಥರಿಂದ ಬೇರೆ ಬೇರೆಯಾಗಿ ಬರೆಸಿ. ಅವರು ಬರೆದದ್ದು ಹೊಂದದಿದ್ದರೆ ಅಲ್ಲೇ ನಿಲ್ಲಿಸಿ, ಮೊದಲು ಅದನ್ನು ಬಗೆಹರಿಸಿ. ಉಳಿದ ಆರನ್ನೂ ಅಳೆಯುವುದು ಇದರ ಎದುರಿಗೇ ಅಲ್ವಾ?

ಎರಡನೇ ಹೆಜ್ಜೆ: ಒಂದು ನಗದ ಹಿಂದೆ ನಡೆಯಿರಿ

ಪ್ರಶ್ನಾವಳಿ ಹಂಚಬೇಡಿ. "ಸಂವಹನ ಹೇಗಿದೆ, ಒಂದರಿಂದ ಐದರೊಳಗೆ ಅಂಕ ಕೊಡಿ" ಎಂದರೆ ಎಲ್ಲರೂ ನಾಲ್ಕು ಹಾಕುತ್ತಾರೆ. ಬದಲಿಗೆ ಹೊಸ ಸ್ಟ್ರಾಟಜಿಗೆ ಸೇರಿದ ಒಂದೇ ಒಂದು ಪಾರ್ಟ್ ಆರಿಸಿ. ಆರ್ಡರ್ ಬಂದ ದಿನದಿಂದ ಲಾರಿಗೆ ಹತ್ತುವವರೆಗೆ ಅದರ ಜೊತೆ ನಡೆಯಿರಿ. ಪ್ಲಾನಿಂಗ್, ಅಚ್ಚಿಗೆ ಆಕಾರ ಕೊಡುವ ಪ್ಯಾಟರ್ನ್, ಎರಕದ ಒಳಗಿನ ಟೊಳ್ಳು ಮಾಡುವ ಕೋರ್, ಮೋಲ್ಡಿಂಗ್, ಕುಲುಮೆ, ಎರಕವನ್ನು ಉಜ್ಜಿ ಶುಚಿ ಮಾಡುವ ಫೆಟ್ಲಿಂಗ್, ಸಾಗಣೆ, ಮಷಿನಿಂಗ್, ಇನ್‌ಸ್ಪೆಕ್ಷನ್, ಬಿಲ್ಲಿಂಗ್. ಪ್ರತಿ ನಿಲ್ದಾಣದಲ್ಲೂ ಮೂರೇ ಪ್ರಶ್ನೆ ಕೇಳಿ. ಈ ಕೆಲಸ ಚೆನ್ನಾಗಿ ಆಗಿದೆ ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ? ಕೆಟ್ಟರೆ ಯಾರಿಗೆ ಹೇಳುತ್ತೀರಿ? ಕಳೆದ ಸಲ ಕೆಟ್ಟಾಗ ಏನಾಯಿತು?

ಮೂರನೇ ಪ್ರಶ್ನೆಯೇ ಮುಖ್ಯ. ಮೊದಲ ಎರಡಕ್ಕೆ ಜನ ನಿಯಮ ಹೇಳುತ್ತಾರೆ, ಮೂರನೆಯದಕ್ಕೆ ನಡೆದದ್ದನ್ನು ಹೇಳುತ್ತಾರೆ.

ಒಂದು ಎಚ್ಚರಿಕೆ. ಪ್ಲಾಂಟ್ ಹೆಡ್ ಜೊತೆಗೆ ನಿಂತಿರಬಾರದು. ಅವರು ಪಕ್ಕದಲ್ಲಿದ್ದರೆ "ಎಲ್ಲಾ ಚೆನ್ನಾಗೈತ್ರಿ" ಎಂಬ ಮಾತಷ್ಟೇ ಸಿಗುತ್ತದೆ. ಪರಿಶೀಲನೆಗೆ ಹೋಗುವ ಜೋಡಿಯಲ್ಲಿ ಎರಡೂ ಹಳೆಯ ಕಂಪನಿಗಳಿಂದ ಒಬ್ಬೊಬ್ಬರು ಇರಲಿ, ಇಬ್ಬರೂ ಒಟ್ಟಿಗೇ ನಡೆಯಲಿ. ಪೀಣ್ಯದವರು ಒಮ್ಮೆಯಾದರೂ ಕುಲುಮೆಯ ಮುಂದೆ ಒಂದು ಪಾಳಿ ನಿಲ್ಲದೆ ಫೌಂಡ್ರಿಯ ಬಗ್ಗೆ ಬರೆಯಬಾರದು ಎನ್ನುವುದು ನನ್ನ ಅಭಿಪ್ರಾಯ.

ಮೂರನೇ ಹೆಜ್ಜೆ: ಹೇಳಿದ್ದು ಬೇರೆ, ಕಂಡದ್ದು ಬೇರೆ ಬರೆಯಿರಿ

ಈಗ ಏಳು ಸಾಲಿನ ಹಾಳೆ ತೆಗೆಯಿರಿ. ಪ್ರತಿ ಸಾಲಿಗೂ ನಾಲ್ಕು ಖಾನೆ: ಬೆಳಗಾವಿಯಲ್ಲಿ ಹೇಳಿದ್ದು, ಅಲ್ಲಿ ಕಂಡದ್ದು, ಪೀಣ್ಯದಲ್ಲಿ ಹೇಳಿದ್ದು, ಅಲ್ಲಿ ಕಂಡದ್ದು. ಕಂಡದ್ದರ ಖಾನೆಯಲ್ಲಿ ಅಭಿಪ್ರಾಯ ಬೇಡ, ನಡೆದ ಒಂದು ಘಟನೆ ಇರಬೇಕು.

ಸಾಲುಗಳು ಸಮನಾಗಿ ತುಂಬುವುದಿಲ್ಲ, ತುಂಬಿಸಲೂ ಹೋಗಬೇಡಿ. ಸಿಬ್ಬಂದಿಯ ಸಾಲು ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ, ವೇತನ ಪಟ್ಟಿ ಸಿಕ್ಕರೆ ಸಾಕು. ಶೈಲಿ ಮತ್ತು ಮೌಲ್ಯದ ಸಾಲುಗಳಿಗೆ ಎರಡು ವಾರ ಬೇಕಾಗುತ್ತದೆ. ಫೌಂಡ್ರಿಯಲ್ಲಿ ಯಜಮಾನರು ಬೆಳಿಗ್ಗೆ ಏಳಕ್ಕೆ ಕುಲುಮೆಯ ಹತ್ತಿರ ಬಂದು ಬಾಯಿಮಾತಿನಲ್ಲೇ ತೀರ್ಮಾನ ಹೇಳಿ ಹೋಗುತ್ತಾರೆ. ಪೀಣ್ಯದಲ್ಲಿ ಒಂಬತ್ತೂವರೆಗೆ ಮೀಟಿಂಗ್, ಕಂಪ್ಯೂಟರ್ ವರದಿ ನೋಡಿ ತೀರ್ಮಾನ. ಇದು ಶೈಲಿ. ಒಂದು ಕಡೆ "ಕುಲುಮೆ ಸುಮ್ನೆ ನಿಲ್ಲಬಾರದು" ಎನ್ನುವುದೇ ಧರ್ಮ, ಇನ್ನೊಂದು ಕಡೆ "ಕೆಟ್ಟ ಪೀಸು ಗ್ರಾಹಕರಿಗೆ ಹೋಗಬಾರದು" ಎನ್ನುವುದು. ಇದು ಮೌಲ್ಯ. ಎರಡೂ ಒಳ್ಳೆಯ ಮೌಲ್ಯಗಳೇ. ಕರಗಿದ ಲೋಹ ಕಾಯುತ್ತಾ ನಿಂತರೆ ಕರೆಂಟು ಸುಡುತ್ತದೆ, ಲೋಹದ ಗುಣವೂ ಕೆಡುತ್ತದೆ. ಹಾಗಾಗಿ ಫೌಂಡ್ರಿಯವರ ಅವಸರಕ್ಕೆ ಕಾರಣ ಇದೆ. ಪೀಣ್ಯದವರು ಅದನ್ನು ಶಿಸ್ತಿಲ್ಲದಿರುವಿಕೆ ಎಂದು ಬರೆದುಕೊಂಡರೆ ಪರಿಶೀಲನೆ ಅಲ್ಲಿಗೇ ಹಾಳಾಯಿತು.

ನಾಲ್ಕನೇ ಹೆಜ್ಜೆ: ಜೋಡಿ ಜೋಡಿಯಾಗಿ ಎದುರಿಡಿ

ಏಳು ಅಂಶಗಳಲ್ಲಿ ಎರಡೆರಡನ್ನು ಜೋಡಿಸಿದರೆ 21 ಜೋಡಿ ಆಗುತ್ತದೆ. ಪ್ರತಿ ಜೋಡಿಗೂ ಒಂದೇ ಪ್ರಶ್ನೆ: ಇವೆರಡನ್ನೂ ಒಬ್ಬ ಮನುಷ್ಯ ಒಟ್ಟಿಗೆ ಪಾಲಿಸಲು ಆಗುತ್ತದೆಯಾ? ಆಗುತ್ತದೆ ಎಂದರೆ ಮುಂದೆ ಹೋಗಿ. ಆಗುವುದಿಲ್ಲ ಎಂದರೆ ಯಾರಿಗೆ, ಯಾವ ಕೆಲಸದಲ್ಲಿ ಎಂದು ಬರೆಯಿರಿ. 21ರಲ್ಲಿ ಬಹಳಷ್ಟು ಬೇಗ ದಾಟಿಹೋಗುತ್ತವೆ. ನಾಲ್ಕೈದು ಜೋಡಿಗಳಲ್ಲಿ ಮಾತ್ರ ಪೆನ್ನು ನಿಲ್ಲುತ್ತದೆ. ನಮ್ಮ ಉದಾಹರಣೆಯಲ್ಲಿ ಹಾಗೆ ನಿಲ್ಲುವ ಎರಡನ್ನು ಬಿಡಿಸಿ ನೋಡೋಣ.

ಮೊದಲನೆಯದು ಸ್ಟ್ರಾಟಜಿ ಮತ್ತು ವ್ಯವಸ್ಥೆಯ ಜೋಡಿ. ಫೌಂಡ್ರಿಯಲ್ಲಿ ಇನ್ಸೆಂಟಿವ್ ಟನ್ ಲೆಕ್ಕದಲ್ಲಿದೆ. ಒಂದು ಪಾಳಿಯಲ್ಲಿ ಎಷ್ಟು ತೂಕದ ಒಳ್ಳೆಯ ಎರಕ ಬಂತೋ ಅಷ್ಟು ಹಣ. ಮೋಲ್ಡಿಂಗ್ ಲೈನ್ ಗಂಟೆಗೆ 60 ಅಚ್ಚು ಮಾಡುತ್ತದೆ ಎಂದುಕೊಳ್ಳಿ. 20 ಕಿಲೋ ಬ್ರೇಕ್ ಡ್ರಮ್, ಅಚ್ಚಿಗೆ ಒಂದು. ಗಂಟೆಗೆ 1,200 ಕಿಲೋ. 4 ಕಿಲೋ ಪಂಪ್ ಹೌಸಿಂಗ್, ಅಚ್ಚಿಗೆ ಎರಡು. ಗಂಟೆಗೆ 480 ಕಿಲೋ. ಅದೇ ಜನ, ಅದೇ ಬಿಸಿ, ಅದೇ ಅಚ್ಚುಗಳ ಸಂಖ್ಯೆ. ಮೇಲೆ ಹೌಸಿಂಗಿಗೆ ಒಳಗೆ ಕೋರ್ ಕೂರಿಸುವ ನಾಜೂಕು ಕೆಲಸ ಬೇರೆ. ಆದರೂ ಇನ್ಸೆಂಟಿವ್ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ.

ಈಗ ಮೋಲ್ಡರ್ ಏನು ಮಾಡುತ್ತಾರೆ? "ಸಾಹೇಬ್ರ, ಸಣ್ಣ ಮಾಲ್ ಬಂದ್ರ ನಮ್ಮ ರೊಕ್ಕ ಹೋತ್ರಿ" ಎಂದು ನೇರವಾಗಿ ಹೇಳಿದರೆ ನಿಮ್ಮ ಅದೃಷ್ಟ. ಹೇಳದಿದ್ದರೂ ಡ್ರಮ್ಮಿನ ಪ್ಯಾಟರ್ನೇ ಲೈನಿಗೆ ಮೊದಲು ಹತ್ತುತ್ತದೆ. ಹೌಸಿಂಗಿನ ಕೋರ್ "ಇನ್ನೂ ಒಣಗಿಲ್ಲ" ಎಂಬ ಕಾರಣ ಬರುತ್ತದೆ. ಪೀಣ್ಯದ ಪ್ಲಾನಿಂಗ್‌ನವರು ಇದನ್ನು ಮೊಂಡುತನ ಎಂದುಕೊಳ್ಳುತ್ತಾರೆ. ಮೊಂಡುತನ ಅಲ್ಲ. ಕಂಪನಿ ಬಾಯಲ್ಲಿ ಒಂದು ಹೇಳಿ, ಸಂಬಳದ ಚೀಟಿಯಲ್ಲಿ ಇನ್ನೊಂದು ಹೇಳುತ್ತಿದೆ, ಜನ ಚೀಟಿಯನ್ನು ನಂಬಿದ್ದಾರೆ. ಇದನ್ನು ಕಂಡುಹಿಡಿಯಲು ದೊಡ್ಡ ಅಧ್ಯಯನ ಬೇಡ. ಎರಡು ತಿಂಗಳ ಪ್ಲಾನ್ ಮತ್ತು ನಿಜವಾಗಿ ಸುರಿದ ಕ್ರಮ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಭಾರದ ಮಾಲು ಮತ್ತೆ ಮತ್ತೆ ಮುಂದೆ ಜಿಗಿದಿದ್ದರೆ ಕಾರಣ ಇಲ್ಲೇ ಇದೆ.

ಎರಡನೆಯದು ರಚನೆ ಮತ್ತು ವ್ಯವಸ್ಥೆಯ ಜೋಡಿ. 100 ಹೌಸಿಂಗ್ ಪೀಣ್ಯಕ್ಕೆ ಬಂತು. ಮಷಿನಿಂಗ್ ಮುಗಿಯುವ ಹೊತ್ತಿಗೆ 6 ಪೀಸುಗಳಲ್ಲಿ ಬ್ಲೋಹೋಲ್, ಅಂದರೆ ಒಳಗೆ ಸಿಕ್ಕಿಕೊಂಡ ಗಾಳಿಯ ರಂಧ್ರ, ಕಂಡಿತು. ಹೊರಗಿನಿಂದ ನೋಡಿದರೆ ಇದು ಕಾಣುವುದಿಲ್ಲ, ಕೊರೆದ ಮೇಲೇ ಬಾಯಿ ತೆರೆಯುತ್ತದೆ. ಪೀಸಿಗೆ 18 ನಿಮಿಷದ ಯಂತ್ರದ ಸಮಯ ಎಂದರೆ 108 ನಿಮಿಷ ಹೋಯಿತು.

ಈ 108 ನಿಮಿಷ ಯಾರ ಪುಸ್ತಕದಲ್ಲಿದೆ? ಫೌಂಡ್ರಿಯ ರಿಜಿಸ್ಟರ್‌ನಲ್ಲಿ "24 ಕಿಲೋ ವಾಪಸ್, ಮತ್ತೆ ಕರಗಿಸಲು" ಎಂದಿದೆ. ಅವರ ಪಾಲಿಗೆ ಅದು ಗುಜರಿ ಬೆಲೆಯ ನಷ್ಟ. ಪೀಣ್ಯದ ರಿಜಿಸ್ಟರ್‌ನಲ್ಲಿ "ಮಾಲಿನ ದೋಷ" ಎಂದಿದೆ. ಅದು ಅವರ ರಿಜೆಕ್ಷನ್ ಲೆಕ್ಕಕ್ಕೆ ಸೇರುವುದಿಲ್ಲ. ಎರಡು ಬೇರೆ ಕಂಪನಿಗಳಾಗಿದ್ದಾಗ ಇದು ಸರಿಯೇ ಇತ್ತು, ಡೆಬಿಟ್ ನೋಟ್ ಕಳಿಸಿ ಹಣ ವಸೂಲಿ ಮಾಡುತ್ತಿದ್ದರು. ಒಂದಾದ ಮೇಲೆ ಡೆಬಿಟ್ ನೋಟ್ ನಿಂತಿತು, ಅದರ ಜಾಗಕ್ಕೆ ಬೇರೇನೂ ಬರಲಿಲ್ಲ. ರಚನೆ ಒಂದಾಯಿತು, ರಿಜಿಸ್ಟರ್ ಎರಡೇ ಉಳಿಯಿತು. ನಷ್ಟ ಇದೆ, ಆದರೆ ಯಾರ ವರದಿಯಲ್ಲೂ ಇಲ್ಲ. ತಯಾರಿಕಾ ವಿಲೀನಗಳಲ್ಲಿ ನಾನು ಮೊದಲು ಹುಡುಕುವುದು ಇಂಥ ಯಜಮಾನನಿಲ್ಲದ ಅಂಕಿಯನ್ನೇ. ವಿಲೀನಕ್ಕೆ ಮುಂಚೆ ಇವರಿಬ್ಬರ ನಡುವೆ ಯಾವ ಕಾಗದ ಓಡಾಡುತ್ತಿತ್ತು ಎಂದು ಪಟ್ಟಿ ಮಾಡಿ. ಈಗ ಅದರಲ್ಲಿ ಯಾವುದು ನಿಂತಿದೆ ನೋಡಿ. ನಿಂತ ಪ್ರತಿ ಕಾಗದದ ಹಿಂದೆ ಒಂದು ಪ್ರಶ್ನೆ ಇರುತ್ತದೆ.

ಒಂದು ನಿಜವಾದ ಪಾಠ: ಡೈಮ್ಲರ್ ಮತ್ತು ಕ್ರೈಸ್ಲರ್

ಮೌಲ್ಯ ಮತ್ತು ರಚನೆಯ ಜೋಡಿ ಕೆಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ದೊಡ್ಡ ಉದಾಹರಣೆ ಕಾರು ಉದ್ಯಮದಲ್ಲೇ ಇದೆ. 1998ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಮತ್ತು ಅಮೆರಿಕದ ಕ್ರೈಸ್ಲರ್ ಒಂದಾದವು. ಇದು ಸಮಾನರ ವಿಲೀನ ಎಂದು ಸಾರಿದರು. ಸ್ಟುಟ್‌ಗಾರ್ಟ್ ಮತ್ತು ಆಬರ್ನ್ ಹಿಲ್ಸ್ ಎಂದು ಎರಡು ಮುಖ್ಯ ಕಚೇರಿ, ಯೂರ್ಗೆನ್ ಶ್ರೆಂಪ್ ಮತ್ತು ರಾಬರ್ಟ್ ಈಟನ್ ಎಂದು ಇಬ್ಬರು ಮುಖ್ಯಸ್ಥರು. 2000ದಲ್ಲಿ ಈಟನ್ ಹೊರಟರು. ಅದೇ ವರ್ಷ ಶ್ರೆಂಪ್, ಕ್ರೈಸ್ಲರ್ ಒಂದು ವಿಭಾಗವಾಗಿ ಇರಬೇಕೆಂಬುದೇ ಮೊದಲಿನಿಂದ ತಮ್ಮ ಇಚ್ಛೆಯಾಗಿತ್ತು ಎಂಬ ಅರ್ಥದಲ್ಲಿ ಪತ್ರಿಕೆಗೆ ಹೇಳಿದರು. ಅಲ್ಲಿಗೆ ಹೇಳಿದ ಮೌಲ್ಯ ಒಂದು, ಮನಸ್ಸಿನಲ್ಲಿದ್ದ ರಚನೆ ಇನ್ನೊಂದು ಎಂದು ಎಲ್ಲರಿಗೂ ಗೊತ್ತಾಯಿತು.

ಸ್ಟ್ರಾಟಜಿಯಲ್ಲೂ ಹೀಗೇ ಇತ್ತು. ಉಳಿತಾಯ ಬರಬೇಕಾದರೆ ಬಿಡಿಭಾಗಗಳನ್ನು ಹಂಚಿಕೊಳ್ಳಬೇಕು. ಆದರೆ ಕ್ರೈಸ್ಲರ್ ಜೊತೆ ಬೆರೆತರೆ ತಮ್ಮ ಮರ್ಸಿಡಿಸ್ ಹೆಸರಿನ ಬೆಲೆ ಕಮ್ಮಿಯಾಗುತ್ತದೆ ಎಂಬ ಅಂಜಿಕೆ ಸ್ಟುಟ್‌ಗಾರ್ಟ್‌ನಲ್ಲಿ ಬಲವಾಗಿತ್ತು. 2001ರ ಜನವರಿಯಲ್ಲಿ ಕ್ರೈಸ್ಲರ್‌ನಲ್ಲಿ 26,000 ಕೆಲಸಗಳ ಕಡಿತ ಘೋಷಣೆಯಾಯಿತು. 2007ರಲ್ಲಿ ಕ್ರೈಸ್ಲರ್‌ನ 80.1 ಶೇಕಡಾ ಪಾಲು ಸರ್ಬೆರಸ್ ಎಂಬ ಹೂಡಿಕೆ ಸಂಸ್ಥೆಗೆ ಮಾರಾಟವಾಯಿತು. ಎಲ್ಲಕ್ಕೂ ಈ ಹೊಂದಾಣಿಕೆಯ ಕೊರತೆಯೊಂದೇ ಕಾರಣ ಎನ್ನಲು ಆಗದು. ಕ್ರೈಸ್ಲರ್‌ಗೆ ಆಗ ಮಾರುಕಟ್ಟೆಯ ಪೆಟ್ಟೂ ಬಿದ್ದಿತ್ತು. ಆದರೆ ನಿಮ್ಮ ಹಾಳೆಯಲ್ಲಿ "ಇಬ್ಬರೂ ಸಮಾನರು" ಎಂದು ಬರೆದಿದ್ದರೆ, ದೊಡ್ಡ ಖರೀದಿಗೆ ಕೊನೆಯ ಸಹಿ ಯಾರದು ಎಂದು ಪಕ್ಕದಲ್ಲೇ ಬರೆಯಿರಿ. ಸತ್ಯ ಅಲ್ಲಿ ಹೊರಬರುತ್ತದೆ. ಒಂದು ಕಂಪನಿ ಇನ್ನೊಂದನ್ನು ಕೊಂಡಿದ್ದರೆ, ಕೊಂಡಿದೆ ಎಂದೇ ಹೇಳಿಬಿಡಿ. ಜನ ಅದನ್ನು ತಡೆದುಕೊಳ್ಳುತ್ತಾರೆ.

ಐದನೇ ಹೆಜ್ಜೆ: ಯಾವುದನ್ನು ಕದಲಿಸಬೇಕು

ಜೋಡಿ ಕೂಡದಿದ್ದರೆ ಎರಡರಲ್ಲಿ ಒಂದು ಕದಲಬೇಕು. ನನ್ನ ಕ್ರಮ ಹೀಗೆ: ಮೊದಲು ವ್ಯವಸ್ಥೆ, ಆಮೇಲೆ ರಚನೆ, ಕೊನೆಗೆ ಶೈಲಿ ಮತ್ತು ಮೌಲ್ಯ. ವ್ಯವಸ್ಥೆಯನ್ನು ಮೂರು ತಿಂಗಳಲ್ಲಿ ಬದಲಿಸಬಹುದು. ಮೌಲ್ಯವನ್ನು ಆಜ್ಞೆ ಹೊರಡಿಸಿ ಬದಲಿಸಲು ಆಗುವುದಿಲ್ಲ. ವ್ಯವಸ್ಥೆ ಬದಲಾಗಿ, ಅದು ನ್ಯಾಯವಾಗಿದೆ ಎಂದು ಕಂಡ ಮೇಲೆ ನಿಧಾನವಾಗಿ ಬದಲಾಗುತ್ತದೆ. ಒಂದು ಸಲಕ್ಕೆ ಮೂರು ಜೋಡಿಗಿಂತ ಜಾಸ್ತಿ ಮುಟ್ಟಬೇಡಿ. ಜೊತೆಗೆ ಕಂಪ್ಯೂಟರ್ ವ್ಯವಸ್ಥೆಯನ್ನು, ಅಂದರೆ ಇಆರ್‌ಪಿಯನ್ನು, ಮೊದಲು ಒಂದು ಮಾಡುವ ಆಸೆಯನ್ನು ತಡೆಯಿರಿ. ಫೌಂಡ್ರಿ ಕಿಲೋದಲ್ಲಿ ಯೋಚಿಸುತ್ತದೆ, ಮಷಿನಿಂಗ್ ನಗದಲ್ಲಿ ಯೋಚಿಸುತ್ತದೆ. ಆ ಲೆಕ್ಕ ಬಗೆಹರಿಯದೆ ಇಆರ್‌ಪಿ ಕೂಡಿಸಿದರೆ ಹಳೆಯ ಗೊಂದಲವೇ ಹೊಸ ಪರದೆಗೆ ಬರುತ್ತದೆ.

ನಮ್ಮ ಉದಾಹರಣೆಗೆ ಮರಳಿದರೆ, ಇನ್ಸೆಂಟಿವ್ ಟನ್ನಿನಿಂದ ಅಚ್ಚಿಗೆ ಬರಬೇಕು. ಕೋರ್ ಇರುವ ಅಚ್ಚಿಗೆ ಹೆಚ್ಚು ಸಮಯ ಎಂದು ಎಣಿಸಿ ಅದಕ್ಕೆ ಹೆಚ್ಚು ದರ ಕೊಡಬೇಕು. "ಮಷಿನಿಂಗ್ ಮುಗಿದ ಒಳ್ಳೆಯ ಪೀಸಿಗೆ ಮಾತ್ರ ಇನ್ಸೆಂಟಿವ್" ಎಂದು ಮಾಡಿದರೆ ಆಗಲ್ವಾ ಎಂದು ಕೆಲವರು ಕೇಳುತ್ತಾರೆ. ಕೇಳಲು ಚೆಂದ, ಆದರೆ ನ್ಯಾಯವಲ್ಲ. ಬ್ಲೋಹೋಲ್ ಬಹಳ ಸಲ ಕೋರಿನ ಗಾಳಿ ಹೊರಹೋಗುವ ದಾರಿ ಸರಿಯಿಲ್ಲದೆ, ಕೋರ್ ತೇವ ಇದ್ದು, ಇಲ್ಲವೇ ಲೋಹ ತಣ್ಣಗಾಗಿ ಸುರಿದು ಆಗುತ್ತದೆ. ಇದರಲ್ಲಿ ಮೋಲ್ಡರ್ ಕೈಯಲ್ಲಿ ಇರುವುದು ಸ್ವಲ್ಪವೇ. ಹಾಗಾಗಿ ಮೋಲ್ಡರ್‌ಗೆ ಅಚ್ಚಿನ ಲೆಕ್ಕ ಇರಲಿ. ಮಷಿನಿಂಗ್ ನಂತರದ ರಿಜೆಕ್ಷನ್ ಅನ್ನು, ಎರಕ ಹೊಯ್ಯುವ ವಿಧಾನ ಗೊತ್ತುಮಾಡುವ ಮೆಥಡ್ ಎಂಜಿನಿಯರ್ ಮತ್ತು ಶಿಫ್ಟ್ ಇನ್‌ಚಾರ್ಜ್ ಅವರ ಗುರಿಗೆ ಸೇರಿಸಿ. ಇದಕ್ಕೂ ಮುಂಚೆ ಪ್ರತಿ ಎರಕದ ಮೇಲೂ ಹೀಟ್ ನಂಬರ್, ಅಂದರೆ ಯಾವ ಸಲ ಕರಗಿಸಿದ ಲೋಹ ಎಂಬ ಗುರುತು, ಇರುವಂತೆ ನೋಡಿಕೊಳ್ಳಿ. ಆ ನಂಬರ್ ಇಲ್ಲದಿದ್ದರೆ ರಂಧ್ರ ಯಾವ ಪಾಳಿಯದ್ದು ಎಂದು ಗೊತ್ತಾಗುವುದೇ ಇಲ್ಲ. 108 ನಿಮಿಷದ ವಿಷಯದಲ್ಲಿ ಒಂದೇ ರಿಜಿಸ್ಟರ್ ಮಾಡಿ, ಕಿಲೋ ಬದಲು ರೂಪಾಯಿಯಲ್ಲಿ ಬರೆಯಿರಿ, ಯಂತ್ರದ ಸಮಯವನ್ನೂ ಸೇರಿಸಿ. ವಾರಕ್ಕೊಮ್ಮೆ ಎರಡೂ ಘಟಕದವರು ಕೆಟ್ಟ ಪೀಸನ್ನು ಮೇಜಿನ ಮೇಲಿಟ್ಟುಕೊಂಡು ಮಾತಾಡಲಿ. ವರದಿ ಇಟ್ಟುಕೊಂಡರೆ ವಾದ ಆಗುತ್ತದೆ, ಪೀಸು ಇಟ್ಟುಕೊಂಡರೆ ಕೆಲಸ ಆಗುತ್ತದೆ.

ಇನ್ಸೆಂಟಿವ್ ಮುಟ್ಟುವಾಗ ಕಾನೂನು ಮರೆಯಬೇಡಿ. ಕೆಲಸಗಾರರ ವೇತನ, ಪಾಳಿಯಂಥ ಸೇವಾ ಷರತ್ತುಗಳನ್ನು ಬದಲಿಸಲು 21 ದಿನದ ನೋಟಿಸ್ ಬೇಕು. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನಲ್ಲೂ ಇದಿತ್ತು, 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೆ. ಯೂನಿಯನ್ ಜೊತೆ ಕೂತು ಒಪ್ಪಂದ ಮಾಡಿಕೊಂಡರೆ ಅದು ಇನ್ನೂ ಗಟ್ಟಿಯಾದ ದಾರಿ. ಆ ಒಪ್ಪಂದದಲ್ಲಿ ಹಿಂದಿನ ಆರು ತಿಂಗಳ ಸರಾಸರಿ ಇನ್ಸೆಂಟಿವ್‌ಗಿಂತ ಕಮ್ಮಿ ಬಂದರೆ, ಮೊದಲ ಕೆಲವು ತಿಂಗಳು ಕಂಪನಿ ತುಂಬಿಕೊಡುತ್ತದೆ ಎಂದು ಬರೆದುಕೊಡಿ. ಹೊಸ ಮಾಲಿನಲ್ಲಿ ಕೈ ಕೂರಲು ಸಮಯ ಬೇಕು, ಆ ಸಮಯದ ಖರ್ಚನ್ನು ಮೋಲ್ಡರ್ ತಲೆಗೆ ಕಟ್ಟಬಾರದು.

ಆರನೇ ಹೆಜ್ಜೆ: ಮತ್ತೆ ಅದೇ ನಗದ ಹಿಂದೆ

ಬದಲಾವಣೆ ಜಾರಿಯಾಗಿ 90 ದಿನದ ಮೇಲೆ ಅದೇ ಹೌಸಿಂಗ್ ಹಿಂದೆ, ಅದೇ ಜೋಡಿ ಮತ್ತೆ ನಡೆಯಲಿ. ಅದೇ ಮೂರು ಪ್ರಶ್ನೆ. ಮೂರು ಗುರುತು ನೋಡಿ. ಪ್ಲಾನ್ ಮಾಡಿದ ಕ್ರಮದಲ್ಲೇ ಮಾಲು ಸುರಿಯುತ್ತಿದ್ದಾರಾ? ಮಷಿನಿಂಗ್ ನಂತರದ ರಿಜೆಕ್ಷನ್ ಎಷ್ಟು ಎಂದು ಫೌಂಡ್ರಿಯ ಶಿಫ್ಟ್ ಇನ್‌ಚಾರ್ಜ್ ಹಾಳೆ ನೋಡದೆ ಹೇಳುತ್ತಾರಾ? ಪೀಣ್ಯದಲ್ಲಿ ರಂಧ್ರ ಕಂಡಾಗ ಫೋನ್ ನೇರವಾಗಿ ಬೆಳಗಾವಿಯ ಮೆಥಡ್ ಎಂಜಿನಿಯರ್‌ಗೆ ಹೋಗುತ್ತದಾ, ಇಲ್ಲಾ ಇನ್ನೂ ಎರಡು ಮ್ಯಾನೇಜರ್‌ಗಳನ್ನು ದಾಟಿ ಹೋಗುತ್ತದಾ? ಒಂದು ವಿಷಯ ಮೊದಲೇ ಹೇಳಿಡಬೇಕು. ಆರಂಭದಲ್ಲಿ ರಿಜೆಕ್ಷನ್ ಅಂಕಿ ಮೇಲೇರುತ್ತದೆ. ಗುಣಮಟ್ಟ ಕುಸಿದದ್ದಕ್ಕಲ್ಲ, ಮುಂಚೆ ಬರೆಯದೇ ಇದ್ದದ್ದು ಈಗ ಪುಸ್ತಕಕ್ಕೆ ಬರುತ್ತಿರುವುದಕ್ಕೆ. ಇದನ್ನು ಆಡಳಿತ ಮಂಡಳಿಗೆ ಮುಂಚೆಯೇ ತಿಳಿಸದಿದ್ದರೆ ಯಾರೋ ಒಬ್ಬ ಸೂಪರ್‌ವೈಸರ್ ಬೈಗುಳ ತಿನ್ನುತ್ತಾರೆ. ಮಾರನೇ ದಿನದಿಂದ ರಿಜಿಸ್ಟರ್ ಮತ್ತೆ ಸುಳ್ಳು ಹೇಳಲು ಶುರುಮಾಡುತ್ತದೆ.

ಈ ವಿಧಾನ ಕಂಪನಿಯ ಒಳಗನ್ನಷ್ಟೇ ತೋರಿಸುತ್ತದೆ. ಪಂಪ್ ತಯಾರಕರು ನಾಳೆ ಎರಕದ ಕಬ್ಬಿಣ ಬಿಟ್ಟು ಸ್ಟೀಲ್ ಶೀಟಿನ ಹೌಸಿಂಗ್ ಕೇಳಿದರೆ, ಏಳೂ ಹೊಂದಿಕೊಂಡಿದ್ದರೂ ಆರ್ಡರ್ ಉಳಿಯುವುದಿಲ್ಲ. ಅದಕ್ಕೇ 90 ದಿನದ ಆ ನಡಿಗೆ ಲಾರಿಗೆ ಮಾಲು ಹತ್ತಿಸಿದಲ್ಲಿಗೆ ನಿಲ್ಲದಿರಲಿ. ಈ ಸಲ ಗ್ರಾಹಕರ ಅಸೆಂಬ್ಲಿ ಲೈನಿನವರೆಗೂ ಹೋಗಿ, ಹೌಸಿಂಗ್ ಅನ್ನು ಬೋಲ್ಟ್ ಹಾಕಿ ಕೂರಿಸುವವರ ಹತ್ತಿರ ನಿಂತು ಅವೇ ಮೂರು ಪ್ರಶ್ನೆಗಳನ್ನು ಕೇಳಿ ಬನ್ನಿ.